ಕರೆಯೋಲೆಯ ಒಕ್ಕಣೆ: ಚಿಕ್ಕ ಮದುವೆಯೊಂದರ ಆಹ್ವಾನದಲ್ಲಿ ಭಾಷೆಯ ಸ್ವರೂಪ

ಮದುವೆಯ ಆಹ್ವಾನ ಪತ್ರಿಕೆಗೆ ಕನ್ನಡದಲ್ಲಿ ಹೆಸರುಗಳು ಹಲವು. ಲಗ್ನಪತ್ರಿಕೆ, ಆಮಂತ್ರಣ ಪತ್ರಿಕೆ, ಕರೆಯೋಲೆ ಎಂಬ ಮೂರನ್ನೂ ಇಂದು ಒಂದೇ ಅರ್ಥದಲ್ಲಿ ಬಳಸಲಾಗುತ್ತಿದೆಯಾದರೂ ಇವು ಹುಟ್ಟಿನಿಂದ ಒಂದೇ ಅಲ್ಲ. ಲಗ್ನಪತ್ರಿಕೆಯೆಂದರೆ ಎರಡು ಮನೆಯವರು ಕೂಡಿ, ಪುರೋಹಿತರಿಂದ ಮುಹೂರ್ತವನ್ನು ಬರೆಸಿ ಪರಸ್ಪರ ಒಪ್ಪಿಕೊಂಡ ಪತ್ರ. 'ಲಗ್ನಪತ್ರಿಕೆ ಬರೆಸುವುದು' ಎಂಬ ಮಾತು ನಿಶ್ಚಿತಾರ್ಥದ ಸಂದರ್ಭದಲ್ಲಿ ಈಗಲೂ ಕೇಳಿಬರುತ್ತದೆ. ಅದು ಒಪ್ಪಂದದ ದಾಖಲೆಯೇ ಹೊರತು ಕರೆಯಲ್ಲ. ಕರೆಯೋಲೆಯಾದರೋ ಮೂರನೆಯವರನ್ನು ಉದ್ದೇಶಿಸಿದ್ದು. ಮುದ್ರಣಾಲಯಗಳು ಊರೂರಿಗೆ ಬಂದ ಮೇಲೆ ದಾಖಲೆ ಮತ್ತು ಕರೆ ಒಂದೇ ಕಾಗದದ ಮೇಲೆ ಸೇರಿಕೊಂಡವು. ಇಂದಿನ ಮುದ್ರಿತ ಪತ್ರಿಕೆಯ ಮೊದಲರ್ಧ ದಾಖಲೆಯ ಧಾಟಿಯಲ್ಲಿಯೂ ಉತ್ತರಾರ್ಧ ಬಿನ್ನಹದ ಧಾಟಿಯಲ್ಲಿಯೂ ಇರುವುದಕ್ಕೆ ಈ ಬೆರಕೆಯೇ ಕಾರಣವೆನ್ನಬಹುದು.

ಇತ್ತೀಚಿನ ವರ್ಷಗಳಲ್ಲಿ ಈ ಬರವಣಿಗೆಗೆ ಹೊಸದೊಂದು ಸನ್ನಿವೇಶ ಒದಗಿದೆ. ಮನೆಯಂಗಳದಲ್ಲಿಯೋ ಚಿಕ್ಕ ದೇವಸ್ಥಾನದಲ್ಲಿಯೋ ಐವತ್ತು ಅರವತ್ತು ಜನರ ನಡುವೆ ನಡೆಯುವ ಮದುವೆಗೆ ಕಾರ್ಡು ಅಚ್ಚು ಹಾಕಿಸದೆ, ಮೊಬೈಲಿನಲ್ಲಿ ಏಳೆಂಟು ಸಾಲಿನ ಸಂದೇಶವನ್ನು ಬರೆದು ಬಂಧುಮಿತ್ರರನ್ನು ಕರೆಯುವ ರೂಢಿ ಬೆಳೆಯುತ್ತಿದೆ. 2020ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಮದುವೆಗೆ 50 ಜನರ ಮಿತಿಯನ್ನು ವಿಧಿಸಿದಾಗ ಇಂಥ ಸಂದೇಶಗಳು ಅನಿವಾರ್ಯವಾದವು. ಮಿತಿ ಹೋದ ಮೇಲೂ ರೂಢಿ ಉಳಿಯಿತು. ಹಳೆಯ ಒಕ್ಕಣೆಯನ್ನೇ ಕತ್ತರಿಸಿ ಚಿಕ್ಕದು ಮಾಡಿದರೆ ಈ ಸಂದೇಶ ಸಿದ್ಧವಾಗುವುದಿಲ್ಲ ಎಂಬುದನ್ನು, ಏಕಾಗುವುದಿಲ್ಲ ಎಂಬುದನ್ನು ಇಲ್ಲಿ ಒಂದು ಮಾದರಿಯ ಮೂಲಕ ಪರಿಶೀಲಿಸಲಾಗಿದೆ.

ಹಳೆಯ ಒಕ್ಕಣೆಯ ವಾಕ್ಯ

ಮೊದಲು ರೂಢಿಯ ಪತ್ರಿಕೆಯ ವಾಕ್ಯವನ್ನು ನೋಡಬೇಕು. ಅಲಂಕಾರಗಳನ್ನು ಬಿಟ್ಟು ಅದರ ಹಂದರವನ್ನಷ್ಟೇ ಇಟ್ಟರೆ ಹೀಗಿರುತ್ತದೆ: 'ಸ್ವಸ್ತಿಶ್ರೀ ಶಾಲಿವಾಹನ ಶಕ 1947ನೆಯ ವಿಶ್ವಾವಸು ನಾಮ ಸಂವತ್ಸರದ ಮಾಘ ಕೃಷ್ಣ ಸಪ್ತಮಿ, ದಿನಾಂಕ 8-2-2026ನೆಯ ಭಾನುವಾರ ಬೆಳಿಗ್ಗೆ 10.30ಕ್ಕೆ ಸಲ್ಲುವ ಶುಭಲಗ್ನದಲ್ಲಿ ನಮ್ಮ ಜ್ಯೇಷ್ಠ ಪುತ್ರಿ ಚಿ|| ಸೌ|| ಸುಮಾಳ ವಿವಾಹವನ್ನು ಚಿ|| ರಾ|| ಪ್ರಕಾಶನೊಂದಿಗೆ ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ, ತಮ್ಮ ಆಗಮನಾಭಿಲಾಷಿಗಳು, ಶ್ರೀಮತಿ ಮತ್ತು ಶ್ರೀ...'. ಇಲ್ಲಿಯೂ ಮುಂದೆಯೂ ಬರುವ ವ್ಯಕ್ತಿಗಳ ಹೆಸರುಗಳು ಮಾದರಿಗಾಗಿ ಇಟ್ಟವು.

ಈ ವಾಕ್ಯದ ಆರಂಭವು ಕನ್ನಡ ಅಧ್ಯಾಪಕರಿಗೆ ಪರಿಚಿತವಾದುದೇ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂಬ ಕ್ರಮ ವಿಜಯನಗರ ಕಾಲದ ಶಾಸನಗಳ ಕಾಲೋಲ್ಲೇಖದ ಕ್ರಮವೇ ಆಗಿದೆ. ದಾನಶಾಸನದಲ್ಲಿ ಕಾಲವನ್ನು ಹೇಳಿದ ಮೇಲೆ ದಾನಿ, ದಾನ ಪಡೆದವನು, ದಾನದ ವಸ್ತು ಬರುವಂತೆ ಇಲ್ಲಿ ಕನ್ಯಾದಾನದ ವಿವರ ಬರುತ್ತದೆ. ಕಾಗದ ಬದಲಾದರೂ ದಾಖಲೆಯ ಗದ್ಯ ತನ್ನ ಮೊದಲ ಹೆಜ್ಜೆಗಳನ್ನು ಮರೆತಿಲ್ಲ.

ಆದರೆ ಹೆಚ್ಚು ಕುತೂಹಲಕರವಾದುದು ಇದರ ಕೊನೆ. 'ಕೋರುತ್ತೇವೆ' ಎಂಬ ಪೂರ್ಣ ಕ್ರಿಯಾಪದ ಇಲ್ಲಿಲ್ಲ. ಇರುವುದು 'ಕೋರುವ' ಎಂಬ ಕೃದಂತ. ಅದು ಮುಂದಿನ ಸಾಲಿನ 'ಆಗಮನಾಭಿಲಾಷಿಗಳು' ಎಂಬುದಕ್ಕೂ ಅದರ ಕೆಳಗಿನ ಹೆಸರುಗಳಿಗೂ ವಿಶೇಷಣ. ಅಂದರೆ ಇಡೀ ಪತ್ರಿಕೆ ವ್ಯಾಕರಣದ ದೃಷ್ಟಿಯಿಂದ ವಾಕ್ಯವೇ ಅಲ್ಲ. ಅದು ಕರೆಯುವವರ ಹೆಸರಿಗೆ ಹಿಂದಿನಿಂದ ಜೋಡಿಸಿದ ಬಹು ದೀರ್ಘವಾದ ವಿಶೇಷಣ. ಹೆಸರು ಬಂದಲ್ಲಿಗೆ ಮಾತು ಮುಗಿಯುತ್ತದೆ. ವಿಶೇಷಣಗಳೆಲ್ಲ ನಾಮಪದದ ಹಿಂದೆಯೇ ಸಾಲುಗಟ್ಟಬೇಕೆಂಬ ಕನ್ನಡದ ನಿಯಮವನ್ನು ಇಷ್ಟು ದೂರಕ್ಕೆ ಎಳೆದ ಬಳಕೆ ದಿನಬಳಕೆಯ ಬರವಣಿಗೆಯಲ್ಲಿ ಬೇರೆ ಸಿಗುವುದು ಕಷ್ಟ.

ಇದರ ಫಲವಾಗಿ ಪತ್ರಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸ್ಥಾನ ಕರೆಯುವವರದು. ವಧೂವರರು ವಾಕ್ಯದಲ್ಲಿ ಇದ್ದಾರೆ, ಆದರೆ ಕರ್ತೃಗಳಾಗಿ ಅಲ್ಲ. ವಧು ಷಷ್ಠಿಯಲ್ಲಿದ್ದಾಳೆ, ವರ ಸಹಾರ್ಥದಲ್ಲಿದ್ದಾನೆ. ವಿವಾಹವು ನೆರವೇರಿಸಲ್ಪಡುವ ವಸ್ತು. ನಿಶ್ಚಯಿಸಿದವರು ಗುರುಹಿರಿಯರು. ಕನ್ನಡದಲ್ಲಿ ಮದುವೆಗೆ 'ಆಗು', 'ಮಾಡು', 'ಮಾಡಿಕೊಡು' ಎಂಬ ಮೂರು ಕ್ರಿಯೆಗಳಿವೆ. ಮದುವೆ ಆಗುವವರು ವಧೂವರರು, ಮಾಡುವವರು ತಂದೆತಾಯಿಗಳು, ಮಾಡಿಕೊಡುವವರು ಹೆಣ್ಣಿನ ಕಡೆಯವರು. ಪತ್ರಿಕೆಯ 'ನೆರವೇರಿಸು' ಎಂಬುದು 'ಮಾಡು' ಎಂಬುದರ ಸಂಸ್ಕರಿಸಿದ ರೂಪವಷ್ಟೆ. 'ಆಗು' ಎಂಬುದಕ್ಕೆ ಈ ಒಕ್ಕಣೆಯಲ್ಲಿ ಎಡೆಯಿಲ್ಲ.

ಎಡೆಯಿಲ್ಲದವರು ಇನ್ನೊಬ್ಬರಿದ್ದಾರೆ. ಕೊನೆಯ ಸಾಲಿನ 'ಶ್ರೀಮತಿ ಮತ್ತು ಶ್ರೀ' ಎಂಬ ಜೋಡಿ ರೂಪವು ದಂಪತಿಗಳನ್ನೇ ಕರೆಯುವವರನ್ನಾಗಿ ಊಹಿಸುತ್ತದೆ. ವಧುವಿನ ತಂದೆ ತೀರಿಕೊಂಡಿದ್ದಲ್ಲಿ ಅವರ ಹೆಸರು 'ದಿ||' ಎಂಬ ಗುರುತಿನೊಡನೆ ಮಗಳ ವಿಶೇಷಣದೊಳಕ್ಕೆ ಸರಿಯುತ್ತದೆ, ಕರೆಯುವವರ ಸ್ಥಾನಕ್ಕೆ ದೊಡ್ಡಪ್ಪನೋ ಚಿಕ್ಕಪ್ಪನೋ ಸೋದರಮಾವನೋ ಸಪತ್ನೀಕರಾಗಿ ಬರುತ್ತಾರೆ. ಸಾಕಿ ಸಲಹಿದ ತಾಯಿಯ ಹೆಸರು 'ಶ್ರೀಮತಿ ... ಮತ್ತು ದಿ|| ... ಇವರ ಪುತ್ರಿ' ಎಂಬ ಒಳಸಾಲಿನಲ್ಲಿ ಉಳಿದರೆ ಅದೇ ಹೆಚ್ಚು. ಎಲ್ಲ ಮನೆಗಳಲ್ಲಿಯೂ ಹೀಗೆಂದು ಹೇಳುವಂತಿಲ್ಲ. ತಾಯಿಯೊಬ್ಬಳೇ ಕರೆದ ಪತ್ರಿಕೆಗಳೂ ಇವೆ. ಆದರೆ ಅಚ್ಚಿನ ಮನೆಯ ಮಾದರಿ ಪುಸ್ತಕದಲ್ಲಿ ಆ ಸಾಲಿಗೆ ಸಿದ್ಧ ರೂಪವಿಲ್ಲದಿರುವುದರಿಂದ, ಬರೆಸುವವರು ಅಲ್ಲಿ ತಡವರಿಸುತ್ತಾರೆ.

ವಧೂವರರ ಹೆಸರಿನ ಹಿಂದಿನ ಗುರುತುಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. 'ಚಿ|| ಸೌ||' ಎಂದರೆ ಚಿರಂಜೀವಿ ಸೌಭಾಗ್ಯವತಿ. 'ಚಿ|| ಕುಂ|| ಸೌ||' ಎಂಬಲ್ಲಿ ಕುಂಕುಮ ಸೇರುತ್ತದೆ. ಪತ್ರಿಕೆ ಅಚ್ಚಾಗುವ ಹೊತ್ತಿಗೆ ವಧು ಇನ್ನೂ ಸೌಭಾಗ್ಯವತಿಯಲ್ಲವಾದ್ದರಿಂದ ಇದು ಮುಂಗಡವಾಗಿ ಕೊಟ್ಟ ಹರಕೆ. ಮರಾಠಿಯ ಸಂಪರ್ಕವಿರುವ ಉತ್ತರದ ಜಿಲ್ಲೆಗಳಲ್ಲಿ ಕಾಣುವ 'ಚಿ. ಸೌ. ಕಾಂ.' ಎಂಬುದು, ಅಂದರೆ ಸೌಭಾಗ್ಯಕಾಂಕ್ಷಿಣಿ, ಅರ್ಥದಲ್ಲಿ ಹೆಚ್ಚು ನಿಖರ. ಚಿಕ್ಕ ಸಂದೇಶದಲ್ಲಿ ಈ ಗುರುತುಗಳು ಉದುರಿಹೋಗುವುದು ಸ್ಥಳದ ಕೊರತೆಯಿಂದಲ್ಲ. ಓದುವವರಿಗೆ ವಧು ಯಾರೆಂದು ಗೊತ್ತು. ಆಕೆಯನ್ನು ಎತ್ತಿ ಆಡಿಸಿದವರಿಗೆ 'ಚಿ|| ಸೌ|| ಸುಮಾ' ಎಂದು ಬರೆದರೆ ಬೇರೆ ಯಾರದೋ ವಿಷಯ ಕೇಳಿದಂತಾಗುತ್ತದೆ.

ಮಾದರಿಯ ಪ್ರಸಂಗ

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಮೈಸೂರಿನ ಒಂದು ಮನೆ. ತಂದೆಯಿಲ್ಲ. ಶಾಲಾ ಶಿಕ್ಷಕಿಯಾಗಿ ನಿವೃತ್ತರಾದ ತಾಯಿ ಲಲಿತ, ಮಗಳು ಸುಮಾ. ಮದುವೆ ಮನೆಯಲ್ಲಿಯೇ. ಚಪ್ಪರದ ಕೆಳಗೆ ಅರವತ್ತು ಜನ ಕೂರಬಹುದು. ವರನ ಕಡೆಯವರು ಇಪ್ಪತ್ತು, ಮನೆಯವರು ಮತ್ತು ಪುರೋಹಿತರು ಸೇರಿ ಹತ್ತು. ಉಳಿದುದು ಮೂವತ್ತು ಸ್ಥಾನ. ಲಲಿತ ಅವರ ಪಟ್ಟಿಯಲ್ಲಿ ಇರುವುದು ಹದಿನೈದು ಮನೆಗಳು.

ಹಳೆಯ ಒಕ್ಕಣೆಯ 'ಸಕುಟುಂಬ ಸಪರಿವಾರ ಸಮೇತರಾಗಿ' ಎಂಬ ಪದಪುಂಜವನ್ನು ಈ ಹದಿನೈದು ಮನೆಗಳಿಗೆ ಕಳುಹಿಸಿದರೆ, ಮನೆಗೆ ನಾಲ್ವರಂತೆ ಅರವತ್ತು ಜನ ಬರಲು ಅರ್ಹರಾಗುತ್ತಾರೆ. ಪದಪುಂಜ ಸವೆದುಹೋಗಿರುವುದರಿಂದ ಅದನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲವೆಂದು ವಾದಿಸಬಹುದು. ದೊಡ್ಡ ಛತ್ರದ ಮದುವೆಯಲ್ಲಿ ಅದು ನಿಜ. ಅಲ್ಲಿ ಒಬ್ಬರು ಬಂದರೂ ನಾಲ್ವರು ಬಂದರೂ ಲೆಕ್ಕ ಸರಿದೂಗುತ್ತದೆ. ಮೂವತ್ತು ಎಲೆಯ ಮದುವೆಯಲ್ಲಿ ಸವೆದ ಪದವೂ ಮಾತು ಕೊಟ್ಟಂತೆಯೇ.

ಹಾಗೆಂದು 'ನೀವಿಬ್ಬರು ಮಾತ್ರ ಬನ್ನಿ' ಎಂದು ಬರೆಯುವಂತಿಲ್ಲ. ಕನ್ನಡದ ಅವ್ಯಯಗಳು ನೆರವಿಗೆ ಬರುವುದು ಇಲ್ಲಿಯೇ. 'ನೀವಿಬ್ಬರೇ', 'ನೀವಿಬ್ಬರು ಮಾತ್ರ' ಎಂಬ ರೂಪಗಳು ಉಳಿದವರನ್ನು ಹೊರಗಿಡುತ್ತವೆ. 'ನೀವಿಬ್ಬರೂ' ಎಂಬುದರ 'ಊ' ಒಳಗೆ ಸೇರಿಸಿಕೊಳ್ಳುತ್ತದೆ: ಒಬ್ಬರು ಬಂದು ಇನ್ನೊಬ್ಬರು ಉಳಿಯಬಾರದು ಎಂಬುದು ಅದರ ಧ್ವನಿ. ಸಂಖ್ಯೆ ಎರಡರಲ್ಲಿಯೂ ಒಂದೇ, ಭಾವ ಮಾತ್ರ ವಿರುದ್ಧ. 'ನೀವಿಬ್ಬರೂ ಬರಬೇಕು' ಎಂದು ಓದಿದವರು ತಮ್ಮನ್ನು ಎಣಿಸಿ ಕರೆದಿದ್ದಾರೆಂಬುದನ್ನು ಅರ್ಥ ಮಾಡಿಕೊಳ್ಳುತ್ತಾರೆ, ಎಣಿಕೆಯಿಂದ ನೋಯುವುದಿಲ್ಲ. ಮೂವರಿರುವ ಮನೆಗೆ 'ನೀವು ಮೂವರೂ', ಹಿರಿಯರು ಒಬ್ಬರೇ ಇರುವಲ್ಲಿ 'ತಾವು' ಎಂದು ಬದಲಾಗುತ್ತದೆ. ಆದ್ದರಿಂದ ಒಂದೇ ಸಂದೇಶವನ್ನು ಎಲ್ಲರಿಗೂ ಒಟ್ಟಿಗೆ ರವಾನಿಸುವುದು ಸಾಧ್ಯವಿಲ್ಲ. ಈ ಒಂದು ಪದವನ್ನು ಮನೆಮನೆಗೂ ತಿದ್ದಬೇಕಾಗುತ್ತದೆ. ಹದಿನೈದು ಮನೆಗೆ ಇದೇನೂ ದೊಡ್ಡ ಶ್ರಮವಲ್ಲ.

'ಬರಬೇಕು' ಎಂಬ ರೂಪದ ಬಗ್ಗೆಯೂ ಒಂದು ಮಾತು ಅಗತ್ಯ. ಕನ್ನಡದಲ್ಲಿ ಕರೆಯುವಾಗ ಒತ್ತಾಯವೇ ಆದರ. 'ಬರಬಹುದು' ಎಂಬುದು ಅನುಮತಿ. ಅದನ್ನು ಕರೆಯೆಂದು ಯಾರೂ ಒಪ್ಪುವುದಿಲ್ಲ. 'ಬಿಡುವಿದ್ದರೆ ಬನ್ನಿ', 'ಸಾಧ್ಯವಾದರೆ ಬನ್ನಿ' ಎಂಬವು ಬರೆದವರ ದೃಷ್ಟಿಯಲ್ಲಿ ಓದುಗರ ಅನುಕೂಲವನ್ನು ಗೌರವಿಸುವ ಮಾತುಗಳಾಗಿರಬಹುದು. ಆದರೆ ಓದಿದವರಿಗೆ ಅದು ಕಾಟಾಚಾರದ ಕರೆಯಾಗಿ ಕೇಳಿಸುತ್ತದೆ. ಬಾಧ್ಯತೆಯನ್ನು ಸೂಚಿಸುವ 'ಬೇಕು' ಇಲ್ಲಿ ಆಜ್ಞೆಯಾಗದೆ ಹಕ್ಕಾಗುತ್ತದೆ. 'ಬರಲೇಬೇಕು' ಎನ್ನುವವರು ಹಾಗೆನ್ನುವಷ್ಟು ಹತ್ತಿರದವರು. ಮುದ್ರಿತ ಪತ್ರಿಕೆಯ 'ಆಶೀರ್ವದಿಸಬೇಕಾಗಿ' ಎಂಬಲ್ಲಿಯೂ 'ಬೇಕು' ಇದೆ, ಆದರೆ 'ಆಗಿ' ಸೇರಿ ಅದು ಮೆತ್ತಗಾಗಿ, ಬಿನ್ನಹದೊಳಗೆ ಮುಳುಗಿದೆ. ಚಿಕ್ಕ ಸಂದೇಶದ ಬಿಸುಪು ಬಹುಪಾಲು ಈ ಪ್ರತ್ಯಯವನ್ನು ಅದರ ಪೂರ್ಣರೂಪದಲ್ಲಿ ಉಳಿಸಿಕೊಳ್ಳುವುದರಲ್ಲಿದೆ.

ಇಷ್ಟನ್ನು ಗಮನದಲ್ಲಿಟ್ಟುಕೊಂಡು ಲಲಿತ ಅವರು ಬರೆಯಬಹುದಾದ ಸಂದೇಶ ಹೀಗಿರುತ್ತದೆ:

'ನಮ್ಮ ಸುಮಾಳ ಮದುವೆ. ಹುಡುಗ ಪ್ರಕಾಶ, ಶಿವಮೊಗ್ಗದವನು. ಫೆಬ್ರವರಿ 8, ಭಾನುವಾರ, ನಮ್ಮ ಮನೆಯಲ್ಲೇ. ಧಾರೆ ಬೆಳಿಗ್ಗೆ ಹತ್ತೂವರೆಗೆ. ಒಂಬತ್ತಕ್ಕೆಲ್ಲ ಬಂದುಬಿಡಿ, ತಿಂಡಿ ಇಲ್ಲೇ. ಮನೆಯವರು, ತೀರಾ ಹತ್ತಿರದವರು ಅಷ್ಟೇ ಸೇರುತ್ತಿದ್ದೇವೆ. ನೀವಿಬ್ಬರೂ ಬರಲೇಬೇಕು. ಉಡುಗೊರೆ ಏನೂ ತರಬೇಡಿ. ನೀವು ನಿಂತು ಅಕ್ಷತೆ ಹಾಕಬೇಕು, ಅಷ್ಟು ಸಾಕು. ಲಲಿತ.'

ನಲವತ್ತು ಪದಗಳನ್ನೂ ಮುಟ್ಟದ ಈ ಸಂದೇಶದಲ್ಲಿ ಹಳೆಯ ಒಕ್ಕಣೆಯ ಭಾಗಗಳು ಹೆಚ್ಚುಕಡಿಮೆ ಎಲ್ಲವೂ ಇವೆ. ಬದಲಾಗಿರುವುದು ಅವುಗಳ ವ್ಯಾಕರಣ. ಒಂದು ದೀರ್ಘ ವಿಶೇಷಣವು ಒಡೆದು ತುಂಡು ತುಂಡು ಮಾತುಗಳಾಗಿದೆ. ಮೊದಲ ಮೂರು ಮಾತುಗಳಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡದ ನಾಮವಾಕ್ಯಕ್ಕೆ ಅದರ ಅಗತ್ಯವೂ ಇಲ್ಲ. 'ಸುಮಾಳ ಮದುವೆ' ಎಂಬುದರಲ್ಲಿ 'ಮಾಡು' ಮತ್ತು 'ಆಗು' ಎರಡರ ನಡುವಣ ಪ್ರಶ್ನೆಯೇ ಏಳದಂತಾಯಿತು. ಯಾರು ಮಾಡುತ್ತಾರೆ, ಯಾರು ನಿಶ್ಚಯಿಸಿದರು ಎಂಬ ವಿಚಾರ ವಾಕ್ಯದಿಂದ ಹೊರಗೆ ಉಳಿಯಿತು. ಹೀಗಲ್ಲದೆ ವಧೂವರರೇ ಕರೆಯುವ ರೂಢಿಯೂ ಇದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ, 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ವಿವಾಹದಿಂದ ಮೊದಲ್ಗೊಂಡ ಆ ಸರಳ ಪದ್ಧತಿಯಲ್ಲಿ, ಪ್ರತಿಜ್ಞೆ ಮಾಡುವವರು ವಧೂವರರೇ ಆದುದರಿಂದ 'ನಾವು ಮದುವೆಯಾಗುತ್ತಿದ್ದೇವೆ' ಎಂಬ ಒಕ್ಕಣೆ ಅಲ್ಲಿಗೆ ಸಹಜವಾಗಿ ಒಗ್ಗುತ್ತದೆ. ಲಲಿತ ಅವರ ಪ್ರಸಂಗದಲ್ಲಿ ಕರೆಯುವವರು ತಾಯಿ. ಬಂಧುಗಳು ಅವರ ಬಂಧುಗಳು.

ಆ ತಾಯಿಯ ಹೆಸರು ಸಂದೇಶದ ಕೊನೆಯಲ್ಲಿ ಒಂಟಿಯಾಗಿ ನಿಂತಿದೆ. 'ಶ್ರೀಮತಿ' ಇಲ್ಲ, 'ದಿ||' ಇಲ್ಲ, ಆಗಮನಾಭಿಲಾಷಿ ಎಂಬ ಪಟ್ಟವೂ ಇಲ್ಲ. ಮುದ್ರಿತ ಒಕ್ಕಣೆಯಲ್ಲಿ ಆಕೆಗೆ ದೊರೆಯದೆ ಹೋಗಬಹುದಾಗಿದ್ದ ಸ್ಥಾನವು ಇಲ್ಲಿ ಯಾವ ಘೋಷಣೆಯೂ ಇಲ್ಲದೆ ದೊರೆತಿದೆ, ಏಕೆಂದರೆ ಸಂದೇಶವು ಪತ್ರದ ಜಾತಿಗೆ ಸೇರಿದ್ದು, ಮತ್ತು ಪತ್ರಕ್ಕೆ ಸಹಿ ಹಾಕುವವರು ಬರೆದವರೇ. ತಂದೆಯನ್ನು ಹೆಸರಿಸಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. 'ಅವರಿದ್ದಿದ್ದರೆ' ಎಂದು ಆರಂಭವಾಗುವ ವಾಕ್ಯ ಶುಭಸಂದರ್ಭದ ಬರವಣಿಗೆಯಲ್ಲಿ ನಿಲ್ಲುವುದಿಲ್ಲ. ಓದಿದವರು ಮದುವೆಯನ್ನು ಬಿಟ್ಟು ಸಾವನ್ನು ನೆನೆಯುತ್ತಾರೆ, ಉತ್ತರವಾಗಿ ಸಾಂತ್ವನ ಬರೆಯುತ್ತಾರೆ. ಹೆಸರಿಸಲೇಬೇಕೆಂದಿದ್ದರೆ 'ಅವಳ ತಂದೆಯ ಆಸೆಯಂತೆ ನಮ್ಮ ಮನೆಯಲ್ಲೇ' ಎಂದು ಸ್ಥಳದ ಮಾತಿಗೆ ಹೊಂದಿಸಬಹುದು. ಅಲ್ಲಿ ತಂದೆ ಮದುವೆಯ ಏರ್ಪಾಡಿನೊಳಗೇ ಇರುತ್ತಾರೆ. ಅಂಥ ಆಸೆ ನಿಜವಾಗಿ ಇದ್ದಲ್ಲಿ ಮಾತ್ರ ಇದು ಸಲ್ಲುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊತ್ತು

ಇಂಥ ಸಂದೇಶದಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಕಾಲದ ವಿಷಯದಲ್ಲಿ. ತಾರೀಖು ಮತ್ತು ವಾರ ಎರಡನ್ನೂ ಬರೆಯುವುದು ಪುನರುಕ್ತಿಯಲ್ಲ. ಒಂದು ತಪ್ಪಿದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. 'ಫೆಬ್ರವರಿ 9, ಭಾನುವಾರ' ಎಂದು ಬಂದಿದ್ದರೆ ಓದಿದವರು ಕೂಡಲೇ ಕರೆ ಮಾಡಿ ಕೇಳುತ್ತಾರೆ. 9 ಎಂದಷ್ಟೇ ಬಂದಿದ್ದರೆ ಮರುದಿನ ಬಂದು ಬಾಗಿಲು ತಟ್ಟುತ್ತಾರೆ.

ಮುಹೂರ್ತ ಬೆಳಗಿನ ಜಾವದಲ್ಲಿದ್ದರೆ ತೊಡಕು ಇನ್ನೂ ಹೆಚ್ಚು. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಕ್ಯಾಲೆಂಡರಿನ ವಾರ ನಡುರಾತ್ರಿಯಿಂದ ನಡುರಾತ್ರಿಗೆ. ನಸುಕಿನ ನಾಲ್ಕೂವರೆಯ ಮುಹೂರ್ತವು ಪುರೋಹಿತರ ಲೆಕ್ಕದಲ್ಲಿ ಶನಿವಾರ, ಬಸ್ಸಿನ ಟಿಕೇಟಿನ ಲೆಕ್ಕದಲ್ಲಿ ಭಾನುವಾರ. ಪುರೋಹಿತರು ಬರೆದುಕೊಟ್ಟ ಚೀಟಿಯಿಂದ ವಾರವನ್ನೂ, ಕ್ಯಾಲೆಂಡರಿನಿಂದ ತಾರೀಖನ್ನೂ ತೆಗೆದುಕೊಂಡಾಗ ಅವೆರಡೂ ಒಂದಕ್ಕೊಂದು ಹೊಂದದೆ ಹೋಗುತ್ತವೆ. ಆಡುಮಾತು ಇದಕ್ಕೆ ಹಿಂದೆಯೇ ಉಪಾಯ ಕಂಡುಕೊಂಡಿದೆ: 'ಶನಿವಾರ ರಾತ್ರಿ, ಬೆಳಗಾದರೆ ಭಾನುವಾರ'. ಈ ಮಾತನ್ನು ಗ್ರಾಮ್ಯವೆಂದು ಬಿಡದೆ ಹಾಗೆಯೇ ಬರೆದರೆ ಯಾರಿಗೂ ಸಂದೇಹ ಉಳಿಯುವುದಿಲ್ಲ.

ಮುಹೂರ್ತದ ವೇಳೆಯೊಂದನ್ನೇ ಬರೆದರೂ ಸಾಲದು. ದೊಡ್ಡ ಮದುವೆಯಲ್ಲಿ ಹತ್ತೂವರೆಯ ಮುಹೂರ್ತಕ್ಕೆ ಹನ್ನೆರಡಕ್ಕೆ ಬಂದವರು ನೇರ ಊಟದ ಪಂಕ್ತಿಗೆ ಹೋಗಬಹುದು. ಅರವತ್ತು ಜನರ ನಡುವೆ ಹಾಗೆ ಬಂದವರಿಗೂ ಸಂಕೋಚ, ಕಾದವರಿಗೂ ಬೇಸರ. 'ಒಂಬತ್ತಕ್ಕೆಲ್ಲ ಬಂದುಬಿಡಿ, ತಿಂಡಿ ಇಲ್ಲೇ' ಎಂಬಲ್ಲಿ ಹೊತ್ತಿನ ನಿರ್ದೇಶವೂ ಉಪಚಾರವೂ ಒಂದೇ ಮಾತಿನಲ್ಲಿವೆ. 'ಬಿಡಿ' ಎಂಬ ಸಹಾಯಕ ಕ್ರಿಯಾಪದ ಇಲ್ಲಿ ಮಾಡಿರುವ ಕೆಲಸವೂ ಕಡಿಮೆಯಲ್ಲ. 'ಬನ್ನಿ' ಎಂಬುದನ್ನು 'ಬಂದುಬಿಡಿ' ಮಾಡಿದಾಗ ಔಪಚಾರಿಕತೆ ಕಳಚಿ ಸಲಿಗೆ ಬರುತ್ತದೆ. ವಯಸ್ಸಿನಲ್ಲಿ ಬಹು ಹಿರಿಯರಿಗೆ ಈ ರೂಪ ಒಪ್ಪುವುದಿಲ್ಲ. ಅವರಿಗೆ 'ಒಂಬತ್ತರ ಹೊತ್ತಿಗೆ ತಾವು ದಯಮಾಡಿಸಬೇಕು' ಎಂದೇ ಬರೆಯಬೇಕು.

ಉಡುಗೊರೆ ಮತ್ತು ಮುಯ್ಯಿ

'ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ' ಎಂಬ ಸಾಲು ಮುದ್ರಿತ ಪತ್ರಿಕೆಗಳ ಅಡಿಯಲ್ಲಿ ಸೂಚನೆಯಾಗಿ ಬರುತ್ತದೆ. ಅದರ ಕರ್ಮಣಿ ರೂಪ ಕಚೇರಿಯ ಫಲಕದ ಭಾಷೆ. ಈ ನಿಷ್ಠುರತೆಗೆ ಕಾರಣವಿಲ್ಲದಿಲ್ಲ. ಮದುವೆಯ ಉಡುಗೊರೆ ನಮ್ಮಲ್ಲಿ ಮುಯ್ಯಿ. ಹಿಂದೆ ಪಡೆದದ್ದನ್ನು ಈಗ ತಿರುಗಿಸುವುದು, ಈಗ ಕೊಟ್ಟದ್ದನ್ನು ಮುಂದೆ ಪಡೆಯುವುದು. ಉತ್ತರ ಕರ್ನಾಟಕದ ಆಯೇರಿನ ಲೆಕ್ಕವೂ ಇದೇ. ಬೇಡವೆನ್ನುವವರು ಕೊಡುವ ಕೈಯನ್ನಷ್ಟೇ ತಡೆಯುತ್ತಿಲ್ಲ, ಎಷ್ಟೋ ವರ್ಷಗಳ ಕೊಡುಕೊಳೆಯ ಸರಪಳಿಯನ್ನು ತಾವಾಗಿ ನಿಲ್ಲಿಸುತ್ತಿದ್ದಾರೆ. ತಿರುಗಿಸಬೇಕಾದ ಋಣವುಳ್ಳವರಿಗೆ ಇದು ಬಿಡುಗಡೆಯಾಗದೆ ಮುಜುಗರವಾಗುವುದೂ ಉಂಟು. ಆದ್ದರಿಂದಲೇ ಬೇಡ ಎಂದ ಕೂಡಲೆ ಬೇಕಾದುದೇನೆಂದು ಹೇಳುವುದು ಅಗತ್ಯ. 'ನೀವು ನಿಂತು ಅಕ್ಷತೆ ಹಾಕಬೇಕು' ಎಂಬ ಮಾತು ಬಂದವರಿಗೆ ಒಂದು ಕೆಲಸವನ್ನು ವಹಿಸುತ್ತದೆ, ಕೊಟ್ಟ ತೃಪ್ತಿಗೂ ಎಡೆ ಮಾಡುತ್ತದೆ. 'ಆಶೀರ್ವಾದವೇ ಉಡುಗೊರೆ' ಎಂಬ ಅಚ್ಚಿನ ಮಾತು ಹೇಳುವುದೂ ಇದನ್ನೇ. ಆದರೆ ಅದು ಬಹಳ ಕೈಗಳನ್ನು ಹಾದು ಬಂದು ಮೊನಚು ಕಳೆದುಕೊಂಡಿದೆ.

ಸಂದೇಶ ತಲುಪದ ಕಡೆಗಳು

ಸಂದೇಶ ಎಷ್ಟೇ ಚೆನ್ನಾಗಿದ್ದರೂ ಕೆಲವು ಮನೆಗಳಿಗೆ ಅದು ಕರೆಯಾಗುವುದಿಲ್ಲ. ಲಲಿತ ಅವರ ಅಣ್ಣ ಸುಮಾಳಿಗೆ ಸೋದರಮಾವ. ಮದುವೆಯ ಶಾಸ್ತ್ರಗಳಲ್ಲಿ ಅವರಿಗೆ ಪಾಲಿದೆ. ಅವರನ್ನು ಮನೆಗೆ ಹೋಗಿ, ಅಕ್ಷತೆ ಕುಂಕುಮ ಕೊಟ್ಟು, ಅಣ್ಣ ಅತ್ತಿಗೆಯರಿಬ್ಬರ ಎದುರಿಗೂ ಹೇಳಬೇಕು. ಹಾಗೆ ಹೇಳಿದ ಮೇಲೆ ಕಳುಹಿಸುವ ಸಂದೇಶ ಕೇವಲ ಜ್ಞಾಪಕ. ಹೇಳುವ ಮೊದಲೇ ಕಳುಹಿಸಿದರೆ ಅಪರಾಧ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಕೈಗೆ ಕೊಡುವಾಗ ಕಾಗದವು ಶುಭವಸ್ತುವಾಗುತ್ತಿತ್ತು. ಮೊಬೈಲಿನ ಪರದೆಗೆ ಆ ಗುಣವಿಲ್ಲ. ಕಾರ್ಡು ಅಚ್ಚು ಹಾಕಿಸದ ಮನೆಗಳಲ್ಲಿಯೂ ದೇವರ ಮುಂದಿಡಲು ಒಂದು ಹಾಳೆಯ ಮೇಲೆ ಲಗ್ನವನ್ನು ಬರೆದು ಅರಿಸಿನ ಹಚ್ಚುವುದುಂಟು. ಮೂಲದಲ್ಲಿ ಬೇರೆಯಾಗಿದ್ದ ದಾಖಲೆ ಮತ್ತು ಕರೆ ಹೀಗೆ ಮತ್ತೆ ಬೇರೆಯಾಗುತ್ತಿವೆ.

ಇನ್ನು ಕರೆಯದೆ ಉಳಿದವರು. ಹದಿನೈದು ಮನೆಗಳ ಪಟ್ಟಿಯ ಹೊರಗೆ ಅದಕ್ಕಿಂತ ದೊಡ್ಡದೊಂದು ಪಟ್ಟಿ ಇರುತ್ತದೆ: ದೂರದ ನೆಂಟರು, ಹಳೆಯ ಸಹೋದ್ಯೋಗಿಗಳು, ಹಿಂದಿನ ಬೀದಿಯ ನೆರೆಯವರು. ಇವರಿಗೆ ಏನೂ ತಿಳಿಸದಿದ್ದರೆ ಮದುವೆಯಾದ ವಾರದೊಳಗೆ ಇನ್ನೊಬ್ಬರ ಬಾಯಿಂದ ಸುದ್ದಿ ತಲುಪುತ್ತದೆ. 'ಕರೆಯಲಿಲ್ಲ' ಎಂಬ ನೋವಿಗಿಂತ 'ಹೇಳಲೂ ಇಲ್ಲ' ಎಂಬ ನೋವು ಹೆಚ್ಚು ಕಾಲ ಉಳಿಯುತ್ತದೆ. 2020ರಲ್ಲಿ ಜನ ಬರೆದ ಸಂದೇಶಗಳಲ್ಲಿ ಈ ಕೆಲಸ ಸುಲಭವಾಗಿತ್ತು, ಹೊಣೆಯನ್ನು ಸರ್ಕಾರದ ಆಜ್ಞೆಯ ಮೇಲೆ ಹೊರಿಸಬಹುದಾಗಿತ್ತು. ಈಗ ಚಿಕ್ಕ ಮದುವೆ ಮನೆಯವರದೇ ಆಯ್ಕೆ. ನೆಪವಿಲ್ಲ.

ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಒಂದು, ಕರೆಯ ಸಂದೇಶವನ್ನೇ ಕಳುಹಿಸಿ ಕೊನೆಯಲ್ಲಿ 'ಇದ್ದಲ್ಲಿಂದಲೇ ಆಶೀರ್ವದಿಸಿ' ಎಂದು ಸೇರಿಸುವುದು. ಸ್ಥಳ, ಹೊತ್ತು, ತಿಂಡಿಯ ಮಾತು ಎಲ್ಲ ಓದಿದ ಮೇಲೆ ಬಾಗಿಲು ಮುಚ್ಚಿದಂತಾಗುತ್ತದೆ. ಸ್ಥಳವನ್ನೂ ಹೊತ್ತನ್ನೂ ತಿಳಿಸಿದ ಬರಹ ಕನ್ನಡದ ರೂಢಿಯಲ್ಲಿ ಕರೆಯೇ ಆಗುತ್ತದೆ, ಅಡಿಯಲ್ಲಿ ಏನೇ ಬರೆದರೂ. ಇನ್ನೊಂದು, ದೀರ್ಘವಾದ ಕ್ಷಮಾಪಣೆ. ಕ್ಷಮೆ ಕೇಳಿದಷ್ಟೂ ಬಿಟ್ಟದ್ದು ಎದ್ದು ಕಾಣುತ್ತದೆ.

ಇವೆರಡನ್ನೂ ತಪ್ಪಿಸಿದ ಒಕ್ಕಣೆಯನ್ನು ಹೀಗೆ ಊಹಿಸಬಹುದು: 'ಒಂದು ಸಂತೋಷದ ಸುದ್ದಿ. ನಮ್ಮ ಸುಮಾಳ ಮದುವೆ ಈ ಫೆಬ್ರವರಿಯಲ್ಲಿ, ಶಿವಮೊಗ್ಗದ ಪ್ರಕಾಶನ ಜೊತೆ. ಮನೆಯಲ್ಲೇ, ಮನೆಮಟ್ಟಿಗೆ ಮುಗಿಸುತ್ತಿದ್ದೇವೆ. ಮದುವೆಯಾದ ಮೇಲೆ ಇಬ್ಬರನ್ನೂ ನಿಮ್ಮಲ್ಲಿಗೆ ಕರೆದುಕೊಂಡು ಬರುತ್ತೇನೆ. ಲಲಿತ.' ತಿಂಗಳಿದೆ, ತಾರೀಖಿಲ್ಲ. 'ಮನೆಮಟ್ಟಿಗೆ' ಎಂಬ ಒಂದೇ ಪದ ಏಕೆ ಕರೆಯಲಿಲ್ಲ ಎಂಬುದಕ್ಕೆ ಉತ್ತರ. ಮುಖ್ಯವಾದುದು ಕೊನೆಯ ಮಾತು. ಅಲ್ಲಿ 'ಬರು' ಎಂಬ ಕ್ರಿಯೆಯ ದಿಕ್ಕೇ ತಿರುಗಿದೆ: ಅವರು ಇವರಲ್ಲಿಗೆ ಬರುವ ಬದಲು ಇವರು ಅವರಲ್ಲಿಗೆ ಹೋಗುತ್ತಾರೆ. ನವದಂಪತಿಗಳನ್ನು ಊಟಕ್ಕೆ ಕರೆಯುವ ರೂಢಿ ನಮ್ಮಲ್ಲಿ ಮೊದಲಿನಿಂದ ಇರುವುದರಿಂದ ಓದಿದವರ ಉತ್ತರ ಬಹುಮಟ್ಟಿಗೆ 'ಯಾವಾಗ ಬರುತ್ತೀರಿ?' ಎಂದೇ ಆಗಿರುತ್ತದೆ. ಹಾಗೆ ಕೇಳಿದ ಮೇಲೆ ಲಲಿತ ಅವರು ಮಾರ್ಚಿಯೊಳಗೆ ದಿನ ಗೊತ್ತು ಮಾಡಬೇಕಾಗುತ್ತದೆ. ಈ ಪಟ್ಟಿಯ ಮನೆಗಳಿಗೆ ಹೋಗಿಬರುವ ಲೆಕ್ಕವನ್ನು ಮದುವೆಯ ಲೆಕ್ಕದೊಳಗೇ ಸೇರಿಸಿಕೊಂಡು ಸಂದೇಶವನ್ನು ಬರೆಯುವುದು ಒಳ್ಳೆಯದು.